ಒಂದೇ ಯಂತ್ರ, ಎರಡು ಲಾಭ, ಒಂದೇ ತೆರಿಗೆ

ಮಾರ್ಚ್ ಕಳೆದು ವರ್ಷದ ಲೆಕ್ಕಪತ್ರಗಳನ್ನು ಮುಗಿಸುವ ಹೊತ್ತಿಗೆ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆ ಮಾಲೀಕರೊಬ್ಬರು ನನ್ನನ್ನು ಕೇಳಿದ ಪ್ರಶ್ನೆ ಇದು: "ಸಾಹೇಬ್ರ, ಸವಕಳಿ ಕಡಿಮಿ ಹಾಕಿ ಲಾಭ ಹೆಚ್ಚು ತೋರಿಸಿದ್ರ ಟ್ಯಾಕ್ಸ್ ಹೆಚ್ಚು ಬೀಳೂದಿಲ್ಲೇನ್ರಿ?" ಅವರದು ಎರಕದ ಬಿಡಿಭಾಗಗಳನ್ನು ಯಂತ್ರದಲ್ಲಿ ಕೊರೆದು ನಯಗೊಳಿಸಿ ಕೊಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಆ ವರ್ಷ ಹೊಸ ಸಿಎನ್‌ಸಿ ಯಂತ್ರ ಬಂದಿತ್ತು, ಬ್ಯಾಂಕಿನಿಂದ ದುಡಿಯುವ ಬಂಡವಾಳದ ಮಿತಿಯನ್ನು ಹೆಚ್ಚಿಸಿಕೊಳ್ಳಬೇಕಿತ್ತು, ಅದಕ್ಕಾಗಿ ಲಾಭ ಚೆನ್ನಾಗಿ ಕಾಣಬೇಕಿತ್ತು, ಆದರೆ ತೆರಿಗೆಯ ಭಯವೂ ಇತ್ತು. ಅವರ ಪ್ರಶ್ನೆಗೆ ಒಂದೇ ಮಾತಿನ ಉತ್ತರ "ಇಲ್ಲ" ಎಂಬುದು. ಆದರೆ ಆ "ಇಲ್ಲ" ಏಕೆ ಎಂಬುದನ್ನು ಅಂಕಿಗಳಲ್ಲಿ ಬಿಡಿಸಿ ನೋಡದ ಹೊರತು ಅದು ಯಾರಿಗೂ ನಂಬಿಕೆ ಹುಟ್ಟಿಸುವುದಿಲ್ಲ. ಆದ್ದರಿಂದ ಅಂಥದ್ದೇ ಒಂದು ಯಂತ್ರವನ್ನು, ಲೆಕ್ಕಕ್ಕೆ ಸುಲಭವಾಗುವ ಅಂಕಿಗಳೊಂದಿಗೆ, ಇಲ್ಲಿ ಆರಂಭದಿಂದ ಮಾರಾಟದವರೆಗೆ ಹಿಂಬಾಲಿಸುತ್ತೇನೆ.

ಯಂತ್ರದ ಬೆಲೆ 40,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದರಲ್ಲಿ ಜಿಎಸ್‌ಟಿ ಸೇರಿಲ್ಲ. ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂದಕ್ಕೆ ಪಡೆದವರು ಅದೇ ಹಣವನ್ನು ಯಂತ್ರದ ಬೆಲೆಗೂ ಸೇರಿಸಿ ಸವಕಳಿ ಪಡೆಯುವಂತಿಲ್ಲ. ಒಂದೇ ಹಣಕ್ಕೆ ಎರಡು ಪ್ರಯೋಜನ ಸಿಗದು. ಸಾಗಣೆ ಮತ್ತು ಅಳವಡಿಕೆಯ ಖರ್ಚು ಮಾತ್ರ ಬೆಲೆಗೆ ಸೇರುತ್ತದೆ, ಅದು ಈ 40 ಲಕ್ಷದೊಳಗೇ ಇದೆ.

ಈ ಬೆಲೆಯನ್ನು ಒಂದೇ ವರ್ಷದ ಖರ್ಚೆಂದು ಬರೆಯಲಾಗುವುದಿಲ್ಲ, ಏಕೆಂದರೆ ಯಂತ್ರ ಹಲವು ವರ್ಷ ದುಡಿಯುತ್ತದೆ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯು ಸಾಮಾನ್ಯ ಯಂತ್ರೋಪಕರಣಗಳಿಗೆ 15 ವರ್ಷಗಳ ಆಯುಷ್ಯವನ್ನು ಹೇಳುತ್ತದೆ, ಮತ್ತು ಕೊನೆಗೆ ಉಳಿಯುವ ಮೌಲ್ಯವು ಸಾಮಾನ್ಯವಾಗಿ ಮೂಲ ಬೆಲೆಯ ನೂರಕ್ಕೆ 5ನ್ನು ಮೀರಬಾರದು ಎನ್ನುತ್ತದೆ. ಅಂದರೆ ನಮ್ಮ ಯಂತ್ರದಲ್ಲಿ 2,00,000 ರೂಪಾಯಿ ಕೊನೆಯ ಮೌಲ್ಯವೆಂದು ಉಳಿದು, ಮಿಕ್ಕ 38,00,000 ರೂಪಾಯಿ 15 ವರ್ಷಗಳಲ್ಲಿ ಖರ್ಚಾಗಿ, ಅಂದರೆ ಸವಕಳಿಯಾಗಿ, ಹಂಚಿಕೆಯಾಗಬೇಕು. ಹೇಗೆ ಹಂಚಬೇಕು ಎಂಬಲ್ಲಿಯೇ ಎರಡು ದಾರಿಗಳು ಕವಲೊಡೆಯುತ್ತವೆ.

ಮೊದಲನೆಯದು ಸರಳರೇಖಾ ಪದ್ಧತಿ. ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಎಲ್ಲರೂ ಎಸ್‌ಎಲ್‌ಎಂ ಎನ್ನುತ್ತಾರೆ. ಇದರಲ್ಲಿ 38,00,000ವನ್ನು 15ರಿಂದ ಭಾಗಿಸಿದರೆ ಆಯಿತು: ಪ್ರತಿ ವರ್ಷ 2,53,333 ರೂಪಾಯಿ, ಮೊದಲ ವರ್ಷವೂ ಅಷ್ಟೇ, ಹದಿನೈದನೆಯ ವರ್ಷವೂ ಅಷ್ಟೇ. ಎರಡನೆಯದು ಇಳಿಶಿಲ್ಕಿನ ಪದ್ಧತಿ, ಅಂದರೆ ಡಬ್ಲ್ಯುಡಿವಿ. ಇದರಲ್ಲಿ ಶೇಕಡಾವಾರು ದರ ಒಂದೇ ಇರುತ್ತದೆ, ಆದರೆ ಅದು ಮೂಲ ಬೆಲೆಯ ಮೇಲೆ ಬೀಳದೆ ಆಯಾ ವರ್ಷದ ಆರಂಭದಲ್ಲಿ ಉಳಿದಿರುವ ಶಿಲ್ಕಿನ ಮೇಲೆ ಬೀಳುತ್ತದೆ. ಶಿಲ್ಕು ಇಳಿದಂತೆ ಸವಕಳಿಯೂ ಇಳಿಯುತ್ತದೆ. 15 ವರ್ಷಗಳ ಕೊನೆಗೆ ಸರಿಯಾಗಿ ನೂರಕ್ಕೆ 5 ಉಳಿಯಬೇಕಾದರೆ ದರ ಎಷ್ಟಿರಬೇಕು ಎಂಬುದನ್ನು ಈ ಸೂತ್ರ ಕೊಡುತ್ತದೆ:

```
1 − (0.05)^(1/15) = 0.1810
```

ಅಂದರೆ ಶೇ. 18.10. ಮೊದಲ ವರ್ಷ 40,00,000ದ ಮೇಲೆ 7,24,000 ರೂಪಾಯಿ ಸವಕಳಿ. ಉಳಿದ 32,76,000ದ ಮೇಲೆ ಎರಡನೆಯ ವರ್ಷ 5,92,956. ಮೂರನೆಯ ವರ್ಷ 4,85,631. ಹೀಗೆ ಇಳಿಯುತ್ತಾ ಆರನೆಯ ವರ್ಷ 2,66,783ಕ್ಕೆ ಬರುತ್ತದೆ, ಏಳನೆಯ ವರ್ಷ 2,18,495 ಆಗಿ ಮೊದಲ ಬಾರಿಗೆ ಸರಳರೇಖೆಯ 2,53,333ಕ್ಕಿಂತ ಕೆಳಗಿಳಿಯುತ್ತದೆ, ಮತ್ತು ಹದಿನೈದನೆಯ ವರ್ಷಕ್ಕೆ ಸುಮಾರು 44,000 ಮಾತ್ರ ಉಳಿಯುತ್ತದೆ. ಎರಡೂ ಪದ್ಧತಿಗಳಲ್ಲಿ ಒಟ್ಟು ಮೊತ್ತ ಅದೇ 38 ಲಕ್ಷ.

ಈಗ ಲಾಭಕ್ಕೆ ಬರೋಣ. ಸವಕಳಿಯನ್ನು ಕಳೆಯುವ ಮುನ್ನ ಕಂಪನಿಯ ಲಾಭ 20,00,000 ರೂಪಾಯಿ, ಮತ್ತು ಇದೊಂದೇ ಯಂತ್ರ ಎಂದುಕೊಂಡರೆ, ಸರಳರೇಖೆಯಲ್ಲಿ ಮೊದಲ ವರ್ಷದ ಲಾಭ 17,46,667 ರೂಪಾಯಿ ಕಾಣುತ್ತದೆ. ಇಳಿಶಿಲ್ಕಿನಲ್ಲಿ 12,76,000 ರೂಪಾಯಿ ಕಾಣುತ್ತದೆ. ಅದೇ ಗಿರಾಕಿಗಳು, ಅದೇ ಬಿಲ್ಲುಗಳು, ಅದೇ ಕೆಲಸಗಾರರು. ಆದರೂ ಪುಸ್ತಕದಲ್ಲಿ 4,70,667 ರೂಪಾಯಿಯ ಅಂತರ. ಏಳನೆಯ ವರ್ಷದಿಂದ ಇದು ತಿರುಗಿ, ಇಳಿಶಿಲ್ಕಿನ ಪುಸ್ತಕವೇ ಹೆಚ್ಚು ಲಾಭ ತೋರಿಸತೊಡಗುತ್ತದೆ.

ಮಾಲೀಕರ ಪ್ರಶ್ನೆ ಹುಟ್ಟುವುದು ಇಲ್ಲಿಯೇ. 17 ಲಕ್ಷ ಚಿಲ್ಲರೆ ತೋರಿಸಿದರೆ ಅದರ ಮೇಲೆ, 12 ಲಕ್ಷ ಚಿಲ್ಲರೆ ತೋರಿಸಿದರೆ ಇದರ ಮೇಲೆ ತೆರಿಗೆ ಬೀಳುತ್ತದೆ ಎಂದು ಭಾವಿಸುವುದು ಸಹಜ. ಆದರೆ ಆದಾಯ ತೆರಿಗೆಯ ಲೆಕ್ಕವು ಪುಸ್ತಕದ ಲಾಭದಿಂದ ಆರಂಭವಾದರೂ, ಅದರ ಮೊದಲ ಕೆಲಸಗಳಲ್ಲೊಂದು ಪುಸ್ತಕದ ಸವಕಳಿಯನ್ನು ಪೂರ್ತಿಯಾಗಿ ಮರಳಿ ಕೂಡಿಸುವುದು. ಕೂಡಿಸಿದ ಮೇಲೆ ಎರಡೂ ಪುಸ್ತಕಗಳು ಮತ್ತೆ 20,00,000ಕ್ಕೇ ಬಂದು ನಿಲ್ಲುತ್ತವೆ. ಅನಂತರ ತೆರಿಗೆ ಕಾಯ್ದೆಯು ತನ್ನದೇ ಸವಕಳಿಯನ್ನು ಕಳೆಯಲು ಬಿಡುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 32ನೇ ಸೆಕ್ಷನ್ನಿನ ವಿಷಯವಾಗಿತ್ತು; 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯ್ದೆಯೂ ಇಳಿಶಿಲ್ಕಿನ ಈ ಏರ್ಪಾಡನ್ನು ಮುಂದುವರಿಸಿದೆ. ಸಾಮಾನ್ಯ ಯಂತ್ರೋಪಕರಣಗಳಿಗೆ ದರ ಶೇ. 15, ಪದ್ಧತಿ ಇಳಿಶಿಲ್ಕು. ವಿದ್ಯುತ್ ಉತ್ಪಾದಿಸುವ ಉದ್ದಿಮೆಗಳಿಗೆ ಸರಳರೇಖೆಯನ್ನು ಆರಿಸಿಕೊಳ್ಳುವ ಅವಕಾಶವಿತ್ತು, ಆದರೆ ಉದ್ಯಮಬಾಗದ ಯಂತ್ರಶಾಲೆಗೆ ಅಂಥ ಆಯ್ಕೆಯೇ ಇಲ್ಲ.

ಆದ್ದರಿಂದ ನಮ್ಮ ಯಂತ್ರಕ್ಕೆ ತೆರಿಗೆಯ ಸವಕಳಿ ಮೊದಲ ವರ್ಷ 6,00,000 ರೂಪಾಯಿ, ತೆರಿಗೆಗೆ ಒಳಪಡುವ ಆದಾಯ 14,00,000 ರೂಪಾಯಿ. ತೆರಿಗೆಯ ದರವನ್ನು ಲೆಕ್ಕದ ಅನುಕೂಲಕ್ಕಾಗಿ ಶೇ. 25 ಎಂದು ಹಿಡಿದರೆ (ರಿಯಾಯಿತಿ ದರದ ಯೋಜನೆಯನ್ನು ಆರಿಸಿಕೊಂಡ ದೇಶೀಯ ಕಂಪನಿಗೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಅದು ಶೇ. 25.168 ಆಗುತ್ತದೆ) ತೆರಿಗೆ 3,50,000 ರೂಪಾಯಿ. ಪುಸ್ತಕದಲ್ಲಿ ಯಾವ ಪದ್ಧತಿ ಇದ್ದರೂ ಈ 3,50,000 ಬದಲಾಗುವುದಿಲ್ಲ. ಬೇಡವೆಂದು ತೆರಿಗೆಯ ಸವಕಳಿಯನ್ನು ಬಿಟ್ಟುಕೊಡುವುದಕ್ಕೂ ಬರುವುದಿಲ್ಲ. ಕೇಳಿದರೂ ಕೇಳದಿದ್ದರೂ ಅದನ್ನು ಕಳೆದೇ ಆದಾಯದ ಲೆಕ್ಕ ಹಾಕಬೇಕೆಂಬ ವಿವರಣೆ 32ನೇ ಸೆಕ್ಷನ್ನಿನಲ್ಲಿಯೇ ಸೇರಿತ್ತು.

ಹಾಗಾದರೆ ಪುಸ್ತಕದಲ್ಲಿ 17,46,667 ಲಾಭ ತೋರಿಸಿ 14,00,000ಕ್ಕೆ ಮಾತ್ರ ತೆರಿಗೆ ಕಟ್ಟಿದ ಕಂಪನಿ ತೆರಿಗೆ ಉಳಿಸಿತೇ? ಉಳಿಸಲಿಲ್ಲ, ಮುಂದಕ್ಕೆ ಹಾಕಿತು ಅಷ್ಟೇ. ಇದನ್ನು ಪುಸ್ತಕದಲ್ಲಿ ಬರೆದು ತೋರಿಸಬೇಕೆಂದು ಲೆಕ್ಕಪತ್ರ ಮಾನಕ 22 ಹೇಳುತ್ತದೆ. ಎರಡು ಸವಕಳಿಗಳ ಅಂತರ 3,46,667 ರೂಪಾಯಿ, ಅದರ ಶೇ. 25 ಅಂದರೆ 86,667 ರೂಪಾಯಿಯನ್ನು ಮುಂದೂಡಿದ ತೆರಿಗೆಯ ಹೊಣೆ ಎಂದು ಬರೆಯಬೇಕು. ಆಗ ಲಾಭ ನಷ್ಟದ ಪಟ್ಟಿಯಲ್ಲಿ ಒಟ್ಟು ತೆರಿಗೆ 4,36,667 ಆಗಿ, ತೆರಿಗೆಯ ನಂತರದ ಲಾಭ 13,10,000 ರೂಪಾಯಿಗೆ ನಿಲ್ಲುತ್ತದೆ. ಇಳಿಶಿಲ್ಕಿನ ಪುಸ್ತಕದಲ್ಲಿ ಇದಕ್ಕೆ ವಿರುದ್ಧ: ಪುಸ್ತಕದ ಸವಕಳಿಯೇ ತೆರಿಗೆಯದಕ್ಕಿಂತ 1,24,000 ಹೆಚ್ಚಾದ್ದರಿಂದ 31,000 ರೂಪಾಯಿಯ ಮುಂದೂಡಿದ ತೆರಿಗೆ ಆಸ್ತಿ ಹುಟ್ಟಿ, ತೆರಿಗೆಯ ನಂತರದ ಲಾಭ 9,57,000 ರೂಪಾಯಿ ಆಗುತ್ತದೆ.

ಈ ಸಾಲು ಅನೇಕ ಮಾಲೀಕರಿಗೆ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ 86,667ಕ್ಕೆ ಚಲನ್ ಇಲ್ಲ, ಬ್ಯಾಂಕಿನಿಂದ ಹಣವೂ ಹೋಗಿಲ್ಲ. ಅದನ್ನು ಸರ್ಕಾರವು ಬಡ್ಡಿಯಿಲ್ಲದೆ ಕೊಟ್ಟ ಕೈಗಡವೆಂದು ತಿಳಿದರೆ ಸುಲಭವಾಗುತ್ತದೆ. ಆರನೆಯ ವರ್ಷದವರೆಗೂ ತೆರಿಗೆಯ ಸವಕಳಿ ಸರಳರೇಖೆಯದಕ್ಕಿಂತ ಹೆಚ್ಚಿರುವುದರಿಂದ ಈ ಕೈಗಡ ಬೆಳೆಯುತ್ತಾ ಹೋಗಿ ಸುಮಾರು 2,43,000 ರೂಪಾಯಿ ಮುಟ್ಟುತ್ತದೆ. ಏಳನೆಯ ವರ್ಷ ತೆರಿಗೆಯ ಸವಕಳಿ 2,26,290ಕ್ಕೆ ಇಳಿದು, ಪುಸ್ತಕದ 2,53,333ಕ್ಕಿಂತ ಕಡಿಮೆಯಾದಾಗ ಅದು ಕರಗತೊಡಗುತ್ತದೆ, ಅಂದರೆ ಪುಸ್ತಕದ ಲಾಭಕ್ಕಿಂತ ಹೆಚ್ಚಿನ ಆದಾಯದ ಮೇಲೆ ತೆರಿಗೆ ಕಟ್ಟುವ ವರ್ಷಗಳು ಬರುತ್ತವೆ. ಪ್ರತಿ ವರ್ಷ ಹೊಸ ಯಂತ್ರ ಕೊಳ್ಳುತ್ತಲೇ ಇರುವ ಕಂಪನಿಯಲ್ಲಿ ಹಳೆಯದರ ಕರಗುವಿಕೆಯನ್ನು ಹೊಸದರ ಬೆಳವಣಿಗೆ ಮುಚ್ಚಿಬಿಡುತ್ತದೆ. ಖರೀದಿ ನಿಂತ ಮೇಲೆ, ಹಲವೊಮ್ಮೆ ವ್ಯಾಪಾರ ಮಂದವಾದ ಹೊತ್ತಿನಲ್ಲಿಯೇ, ತೆರಿಗೆ ಇದ್ದಕ್ಕಿದ್ದಂತೆ ಭಾರವಾಗಿ ಕಾಣುವುದು ಇದರಿಂದಲೇ.

ಪುಸ್ತಕದ ಪದ್ಧತಿ ತೆರಿಗೆಯನ್ನು ಮುಟ್ಟುವುದಿಲ್ಲ ಎಂಬ ಮಾತಿಗೆ ನಿಜವಾದ ಅಪವಾದ ಒಂದಿದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ರಿಯಾಯಿತಿ ದರದ ಯೋಜನೆಯನ್ನು ಆರಿಸಿಕೊಳ್ಳದ ಕಂಪನಿಗೆ ಕನಿಷ್ಠ ಪರ್ಯಾಯ ತೆರಿಗೆ, ಅಂದರೆ ಮ್ಯಾಟ್, ಅನ್ವಯಿಸುತ್ತದೆ, ಮತ್ತು ಅದರ ಲೆಕ್ಕ ನಿಂತಿರುವುದು ಪುಸ್ತಕದ ಲಾಭದ ಮೇಲೆಯೇ. ತೆರಿಗೆಯ ಕಡೆ ದೊಡ್ಡ ಸವಕಳಿ ಪಡೆದು ಸಾಮಾನ್ಯ ತೆರಿಗೆಯನ್ನು ಬಹಳ ಕೆಳಗಿಳಿಸಿಕೊಂಡ ವರ್ಷದಲ್ಲಿ, ಸರಳರೇಖೆಯಿಂದ ಉಬ್ಬಿದ ಪುಸ್ತಕದ ಲಾಭ ಮ್ಯಾಟಿನ ಬಲೆಗೆ ಬೀಳಬಹುದು. ನಮ್ಮ ಯಂತ್ರದ ಕಂಪನಿ ರಿಯಾಯಿತಿ ಯೋಜನೆಯಲ್ಲಿರುವುದರಿಂದ ಈ ತೊಂದರೆ ಅದಕ್ಕಿಲ್ಲ.

ತೆರಿಗೆಯ ಸವಕಳಿಯಲ್ಲಿ ನಿಜವಾಗಿ ಮಾಲೀಕರ ಕೈಯಲ್ಲಿರುವುದು ಪದ್ಧತಿಯಲ್ಲ, ದಿನಾಂಕ. ಹೊಸ ಯಂತ್ರವನ್ನು ಆ ವರ್ಷ 180 ದಿನಗಳಿಗಿಂತ ಕಡಿಮೆ ಕಾಲ ಬಳಸಿದ್ದರೆ ಅರ್ಧ ದರದ ಸವಕಳಿ ಮಾತ್ರ ಸಿಗುತ್ತದೆ. ಮಾರ್ಚ್ 31ರಿಂದ ಹಿಂದಕ್ಕೆ ಎಣಿಸಿದರೆ, ಫೆಬ್ರವರಿಗೆ 28 ದಿನಗಳಿರುವ ವರ್ಷದಲ್ಲಿ, ತಡವೆಂದರೂ ಅಕ್ಟೋಬರ್ 3ರಂದು ಯಂತ್ರ ತಿರುಗಿರಬೇಕು. ನಮ್ಮ ಭಾಗದಲ್ಲಿ ಹೊಸ ಯಂತ್ರವನ್ನು ಖಂಡೆ ಪೂಜೆ ಮುಗಿಸಿ, ದಸರೆಯ ದಿನ ಬನ್ನಿ ಕೊಟ್ಟು ಆರಂಭಿಸುವ ರೂಢಿ ಗಟ್ಟಿಯಾಗಿದೆ, ಮತ್ತು ದಸರೆ ಈ ಗಡಿಯ ಹಿಂದುಮುಂದೆಯೇ ಬರುತ್ತದೆ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ರಂದು ಬಂತು. ಅಂದು ಆರಂಭಿಸಿದ ಯಂತ್ರಕ್ಕೆ ಮಾರ್ಚ್ ಕೊನೆಗೆ 181 ದಿನಗಳಾಗಿ ಪೂರ್ತಿ 6,00,000 ಸವಕಳಿ ಸಿಗುತ್ತದೆ. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12. ದಿನಗಳು 171, ಸವಕಳಿ 3,00,000. ಆ ವರ್ಷದ ತೆರಿಗೆ 75,000 ರೂಪಾಯಿ ಹೆಚ್ಚುತ್ತದೆ. ಕಳೆಯದೆ ಉಳಿದ 3 ಲಕ್ಷ ಶಿಲ್ಕಿನಲ್ಲಿಯೇ ಇದ್ದು ಮುಂದಿನ ವರ್ಷಗಳಲ್ಲಿ ಸವೆಯುತ್ತದೆ, ಆದರೆ ಯಂತ್ರದ ಸಾಲದ ಕಂತು ಆರಂಭವಾದ ವರ್ಷದಲ್ಲಿ ಮುಕ್ಕಾಲು ಲಕ್ಷ ಸಣ್ಣ ಮೊತ್ತವಲ್ಲ. ಪೂಜೆಯನ್ನು ದಸರೆಗೇ ಮಾಡಲಿ, ಆದರೆ ಗಡಿ ತಪ್ಪುವ ವರ್ಷಗಳಲ್ಲಿ ಉತ್ಪಾದನೆ ಮೊದಲೇ ಶುರುವಾಗಿರಲಿ ಎಂಬುದು ನನ್ನ ಸಲಹೆ. ಇಲ್ಲಿ ಲೆಕ್ಕಕ್ಕೆ ಬರುವುದು ಬಿಲ್ಲಿನ ದಿನಾಂಕವಲ್ಲ, ಬಳಕೆಯ ದಿನಾಂಕ. ಅದನ್ನು ತೋರಿಸಲು ಅಳವಡಿಕೆಯ ವರದಿ, ಮೊದಲ ಉತ್ಪಾದನೆಯ ದಾಖಲೆ ಇವು ಕೈಯಲ್ಲಿರಬೇಕು. ಪುಸ್ತಕದಲ್ಲಿ ಈ ಅರ್ಧದ ನಿಯಮವಿಲ್ಲ. ಅಲ್ಲಿ ಬಳಸಿದ ದಿನಗಳಿಗೆ ತಕ್ಕಷ್ಟು ಸವಕಳಿ ಬೀಳುತ್ತದೆ.

ಐದು ವರ್ಷಗಳ ನಂತರ ಕಂಪನಿಯು ಈ ಯಂತ್ರವನ್ನು 18,00,000ಕ್ಕೆ ಮಾರಿತು ಎನ್ನಿ. ಸರಳರೇಖೆಯ ಪುಸ್ತಕದಲ್ಲಿ ಆಗ 27,33,333 ರೂಪಾಯಿ ಮೌಲ್ಯ ಉಳಿದಿರುತ್ತದೆ, ಹಾಗಾಗಿ 9,33,333 ರೂಪಾಯಿ ನಷ್ಟ. ಇಳಿಶಿಲ್ಕಿನ ಪುಸ್ತಕದಲ್ಲಿ 14,73,939 ಉಳಿದಿರುತ್ತದೆ, ಹಾಗಾಗಿ 3,26,061 ರೂಪಾಯಿ ಲಾಭ. ಒಂದೇ ವ್ಯವಹಾರ ಒಂದು ಕಡೆ ದೊಡ್ಡ ನಷ್ಟವಾಗಿ, ಇನ್ನೊಂದು ಕಡೆ ಲಾಭವಾಗಿ ಕಾಣುತ್ತದೆ. ಐದು ವರ್ಷದ ಸವಕಳಿಯನ್ನು ಇದಕ್ಕೆ ಸೇರಿಸಿದರೆ ಎರಡೂ ಪುಸ್ತಕಗಳು 22,00,000ಕ್ಕೆ ಬಂದು ಸೇರುತ್ತವೆ: ಮೊದಲನೆಯದರಲ್ಲಿ 12,66,667 ಸವಕಳಿಗೆ 9,33,333 ನಷ್ಟ ಕೂಡುತ್ತದೆ, ಎರಡನೆಯದರಲ್ಲಿ 25,26,061 ಸವಕಳಿಯಿಂದ 3,26,061 ಲಾಭ ಕಳೆಯುತ್ತದೆ. 40 ಲಕ್ಷಕ್ಕೆ ಕೊಂಡು 18 ಲಕ್ಷಕ್ಕೆ ಮಾರಿದ ಯಂತ್ರ 22 ಲಕ್ಷವನ್ನೇ ತಿಂದಿರಬೇಕಲ್ಲವೇ. ಹಳೆಯ ಯಂತ್ರಗಳನ್ನು ಮಾರಿದಾಗಲೆಲ್ಲ ನಷ್ಟವೇ ಬರುವ ಕಂಪನಿಯಲ್ಲಿ ಹಿಂದಿನ ವರ್ಷಗಳ ಲಾಭ ಇದ್ದುದಕ್ಕಿಂತ ಹೆಚ್ಚಾಗಿ ತೋರಿತ್ತು ಎಂದು ತಿಳಿಯಬಹುದು.

ತೆರಿಗೆಯ ಕಡೆ ಈ ಮಾರಾಟ ಇನ್ನೊಂದು ಬಗೆಯಲ್ಲಿ ನಡೆಯುತ್ತದೆ. ಅಲ್ಲಿ ಯಂತ್ರಕ್ಕೊಂದು ಖಾತೆ ಇರುವುದಿಲ್ಲ. ಒಂದೇ ವರ್ಗದ, ಒಂದೇ ದರದ ಎಲ್ಲ ಯಂತ್ರಗಳೂ ಸೇರಿ ಒಂದು ಆಸ್ತಿಗುಂಪು, ಅಂದರೆ ಬ್ಲಾಕ್. ಇಷ್ಟರಲ್ಲಿ ಕಂಪನಿ ಬೇರೆ ಯಂತ್ರಗಳನ್ನೂ ಕೊಂಡಿದ್ದರೆ, ಮಾರಿ ಬಂದ 18,00,000ವನ್ನು ಆ ಗುಂಪಿನ ಶಿಲ್ಕಿನಿಂದ ಕಳೆಯುತ್ತಾರೆ, ಉಳಿದದ್ದರ ಮೇಲೆ ಎಂದಿನಂತೆ ಶೇ. 15 ಸವಕಳಿ ಸಾಗುತ್ತದೆ. ಪುಸ್ತಕದ 9,33,333 ನಷ್ಟವನ್ನು ತೆರಿಗೆಯ ಲೆಕ್ಕದಲ್ಲಿ ಕಳೆಯುವಂತಿಲ್ಲ, 3,26,061 ಲಾಭವನ್ನು ಸೇರಿಸಬೇಕಾಗಿಯೂ ಇಲ್ಲ. ಮಾರಾಟದ ಹಣ ಗುಂಪಿನ ಶಿಲ್ಕನ್ನೇ ಮೀರಿದರೆ, ಅಥವಾ ಗುಂಪಿನ ಕೊನೆಯ ಯಂತ್ರವೂ ಮಾರಿಹೋದರೆ ಮಾತ್ರ ಅಲ್ಪಾವಧಿ ಬಂಡವಾಳ ಲಾಭ ಅಥವಾ ನಷ್ಟದ ಪ್ರಶ್ನೆ ಏಳುತ್ತದೆ. ಪುಸ್ತಕದ ನಷ್ಟವನ್ನು ಮರಳಿ ಕೂಡಿಸಲು ಮರೆಯುವುದು ಸಣ್ಣ ಕಂಪನಿಗಳ ತೆರಿಗೆ ಲೆಕ್ಕದಲ್ಲಿ ನಾನು ಮತ್ತೆ ಮತ್ತೆ ಕಂಡ ತಪ್ಪು.

ಇನ್ನು ಪದ್ಧತಿಯನ್ನು ನಡುವೆ ಬದಲಿಸುವ ವಿಚಾರ. ಮೂರು ವರ್ಷ ಇಳಿಶಿಲ್ಕಿನಲ್ಲಿ ನಡೆಸಿ ನಾಲ್ಕನೆಯ ವರ್ಷ ಸರಳರೇಖೆಗೆ ಬಂದರೆ, ಪರಿಷ್ಕೃತ ಲೆಕ್ಕಪತ್ರ ಮಾನಕ 10ರ ಪ್ರಕಾರ ಅದು ಅಂದಾಜಿನ ಬದಲಾವಣೆ. ಹಿಂದಿನ ವರ್ಷಗಳನ್ನು ತಿದ್ದದೆ ಅಂದಿನ ಶಿಲ್ಕಿನಿಂದ ಮುಂದಕ್ಕೆ ಲೆಕ್ಕ ಹಾಕಬೇಕು. ನಮ್ಮ ಯಂತ್ರದಲ್ಲಿ ಆ ಶಿಲ್ಕು 21,97,413. ಕೊನೆಯ ಮೌಲ್ಯ 2 ಲಕ್ಷ ಬಿಟ್ಟು ಉಳಿದ 12 ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 1,66,451 ರೂಪಾಯಿ. ಹಳೆಯ ಪದ್ಧತಿ ಮುಂದುವರಿದಿದ್ದರೆ ನಾಲ್ಕನೆಯ ವರ್ಷದ ಸವಕಳಿ 3,97,732 ಆಗುತ್ತಿತ್ತು. ಒಂದು ಬಿಡಿಭಾಗವೂ ಹೆಚ್ಚು ಮಾರಾಟವಾಗದೆ ಲಾಭ 2,31,281 ರೂಪಾಯಿ ಏರುತ್ತದೆ. ಮೊದಲಿನಿಂದಲೂ ಸರಳರೇಖೆಯಲ್ಲಿದ್ದರೂ 2,53,333 ಬೀಳುತ್ತಿತ್ತು, ಈಗ ಅದಕ್ಕಿಂತಲೂ ಕಡಿಮೆ; ಆರಂಭದ ವರ್ಷಗಳಲ್ಲಿಯೇ ದೊಡ್ಡ ಪಾಲು ಖರ್ಚಾಗಿ ಹೋಗಿದೆ. ಯಂತ್ರದ ಪ್ರಯೋಜನ ಸವೆಯುವ ರೀತಿಯೇ ಬದಲಾದಾಗ ಈ ಬದಲಾವಣೆಗೆ ಅರ್ಥವಿದೆ. ಸಾಲದ ಅರ್ಜಿಗೆ ಮುನ್ನ ಮಾಡಿದರೆ ಅದು ಲೆಕ್ಕಪತ್ರ ಟಿಪ್ಪಣಿಯಲ್ಲಿ ಪರಿಣಾಮದ ಮೊತ್ತದ ಸಮೇತ ದಾಖಲಾಗಿರುತ್ತದೆ, ಓದುವ ಬ್ಯಾಂಕ್ ಅಧಿಕಾರಿ ಅಲ್ಲಿಗೇ ಮೊದಲು ಬರುತ್ತಾರೆ.

ಅಷ್ಟಕ್ಕೂ ಸಾಲ ತೀರಿಸುವ ಶಕ್ತಿಯನ್ನು ಅಳೆಯುವಾಗ ಬ್ಯಾಂಕು ನಿವ್ವಳ ಲಾಭಕ್ಕೆ ಸವಕಳಿಯನ್ನು ಮರಳಿ ಕೂಡಿಸಿಯೇ ನೋಡುತ್ತದೆ, ಏಕೆಂದರೆ ಸವಕಳಿಯಲ್ಲಿ ನಗದು ಹೊರಗೆ ಹೋಗುವುದಿಲ್ಲ. ನಮ್ಮ ಕಂಪನಿಯ ಕೈಯಲ್ಲಿ ಮೊದಲ ವರ್ಷ ಉಳಿಯುವುದು 20,00,000ದಲ್ಲಿ ತೆರಿಗೆಯ 3,50,000 ಕಳೆದ 16,50,000 ರೂಪಾಯಿ, ಪುಸ್ತಕ ಯಾವುದಾದರೂ ಸರಿ. ಸರಳರೇಖೆಯಿಂದ ಚೆನ್ನಾಗಿ ಕಾಣುವುದು ಲಾಭದ ಪ್ರಮಾಣ ಮತ್ತು ಬ್ಯಾಲೆನ್ಸ್ ಶೀಟಿನ ಸ್ವಂತ ಬಂಡವಾಳ. ಕಂತು ಕಟ್ಟುವ ಶಕ್ತಿಯಲ್ಲ.

ರಬಕವಿ-ಬನಹಟ್ಟಿಯ ಮಗ್ಗದ ಮಾಲೀಕರಂತೆ ಸ್ವಂತ ಹೆಸರಿನಲ್ಲಿಯೋ ಪಾಲುದಾರಿಕೆಯಲ್ಲಿಯೋ ವ್ಯವಹಾರ ನಡೆಸುವವರಿಗೆ ಕಂಪನಿ ಕಾಯ್ದೆಯ ಅನುಸೂಚಿ ಅನ್ವಯಿಸುವುದಿಲ್ಲ. ಅವರಲ್ಲಿ ಹೆಚ್ಚಿನವರು ತೆರಿಗೆಯ ದರದಲ್ಲಿಯೇ ಪುಸ್ತಕವನ್ನೂ ಬರೆಯುತ್ತಾರೆ, ಹಾಗಾಗಿ ಎರಡು ಲೆಕ್ಕಗಳ ಅಂತರವೂ ಅವರಿಗೆ ಕಾಣುವುದಿಲ್ಲ. ಇದು ಅನುಕೂಲವೇನೋ ಸರಿ, ಆದರೆ ಹತ್ತಾರು ವರ್ಷ ದುಡಿಯುವ ಮಗ್ಗ ಕೆಲವೇ ವರ್ಷಗಳಲ್ಲಿ ಪುಸ್ತಕದಲ್ಲಿ ಅರ್ಧಕ್ಕಿಂತ ಕೆಳಗಿಳಿದು, ಆರಂಭದ ಲಾಭವೂ ಅಷ್ಟೇ ಕುಗ್ಗಿ ತೋರುತ್ತದೆ.

ಯಾವುದನ್ನು ಆರಿಸಬೇಕು ಎಂದರೆ, ಮಾನಕ ಕೇಳುವ ಪ್ರಶ್ನೆ ಒಂದೇ: ಯಂತ್ರದ ಪ್ರಯೋಜನ ಯಾವ ರೀತಿಯಲ್ಲಿ ಸವೆಯುತ್ತದೆ? ಶೆಡ್ಡು, ಗೋದಾಮುಗಳಂಥವು ವರ್ಷ ವರ್ಷವೂ ಒಂದೇ ಬಗೆಯ ಆಸರೆ ಕೊಡುತ್ತವೆ, ಅವುಗಳಿಗೆ ಸರಳರೇಖೆ ಒಪ್ಪುತ್ತದೆ. ಸಿಎನ್‌ಸಿ ಯಂತ್ರದಲ್ಲಿ ಮೊದಲ ವರ್ಷಗಳ ನಿಖರತೆ ಕ್ರಮೇಣ ಕಡಿಮೆಯಾಗುತ್ತದೆ, ಸ್ಪಿಂಡಲ್ ಮತ್ತು ಬಾಲ್ ಸ್ಕ್ರೂಗಳ ರಿಪೇರಿ ಖರ್ಚು ಏರುತ್ತದೆ, ಬಿಗಿ ಅಳತೆಯ ಕೆಲಸಗಳನ್ನು ಹೊಸ ಯಂತ್ರಕ್ಕೆ ಕೊಟ್ಟು ಇದಕ್ಕೆ ಒರಟು ಕೆಲಸ ಉಳಿಯುತ್ತದೆ. ಅಂಥಲ್ಲಿ ಇಳಿಶಿಲ್ಕು ಹೆಚ್ಚು ನಿಜಕ್ಕೆ ಹತ್ತಿರ, ಏಕೆಂದರೆ ಸವಕಳಿ ಇಳಿಯುವ ಹೊತ್ತಿಗೆ ರಿಪೇರಿ ಏರಿ ಎರಡರ ಮೊತ್ತ ಹೆಚ್ಚು ಏರುಪೇರಿಲ್ಲದೆ ಸಾಗುತ್ತದೆ. ನನ್ನನ್ನು ಕೇಳಿದ ಮಾಲೀಕರು ಈ ಲೆಕ್ಕವನ್ನೆಲ್ಲ ನೋಡಿ ಇಳಿಶಿಲ್ಕಿನಲ್ಲಿಯೇ ಉಳಿದರು, ಮತ್ತು ಬ್ಯಾಂಕಿಗೆ ಕೊಟ್ಟ ಕಡತದಲ್ಲಿ ಲಾಭ ಕಡಿಮೆ ಕಾಣಲು ಸವಕಳಿಯ ಪಾಲೆಷ್ಟು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮೇಲೆಯೇ ಇಟ್ಟರು.